ಲಸಿಕೆ ಇಲ್ಲದೆ ಹೋದ ರೋಗ: ನಾರುಹುಣ್ಣಿನ ಕಥೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಆರೋಗ್ಯ ಉಪನ್ಯಾಸದ ಬರಹ ರೂಪ)



ಸಂಘದ ಇಪ್ಪತ್ತೈದನೆಯ ವರ್ಷದ ಈ ಸಮಾರಂಭದಲ್ಲಿ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕರೆದಿದ್ದೀರಿ. ನಾನು ಆರೋಗ್ಯ ಇಲಾಖೆಯಲ್ಲಿ ಊರೂರು ಸುತ್ತಿ ಕೆಲಸ ಮಾಡಿದವನು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ವಿಷಯಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಆದ್ದರಿಂದ ಇವತ್ತು ಈಗ ನಮ್ಮ ದೇಶದಲ್ಲಿ ಇಲ್ಲದ ಒಂದು ರೋಗದ ಬಗ್ಗೆ ಮಾತಾಡಬೇಕೆಂದು ಆರಿಸಿಕೊಂಡಿದ್ದೇನೆ. ಅದೇ ನಾರುಹುಣ್ಣು.

ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಿಗೆ ಹೆಸರು ಹೇಳಿದ ಕೂಡಲೆ ನೆನಪಾಗಿರಬೇಕು. ಹಿಂದೆ ಕುಳಿತ ಹುಡುಗರಿಗೆ ಏನೂ ಗೊತ್ತಿರಲಿಕ್ಕಿಲ್ಲ. ಅವರಿಗೆ ಗೊತ್ತಿಲ್ಲ ಅನ್ನುವುದೇ ಸಂತೋಷದ ಸಂಗತಿ. 1984ರಲ್ಲಿ ನಮ್ಮ ದೇಶದ ಏಳು ರಾಜ್ಯಗಳಲ್ಲಿ, 89 ಜಿಲ್ಲೆಗಳಲ್ಲಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಈ ರೋಗ ಇತ್ತು. ಆ ವರ್ಷ ಲೆಕ್ಕಕ್ಕೆ ಸಿಕ್ಕಿದ ರೋಗಿಗಳು ಸುಮಾರು ನಲವತ್ತು ಸಾವಿರ. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರ, ತಮಿಳುನಾಡುಗಳ ಜೊತೆಗೆ ಏಳನೆಯದು ನಮ್ಮ ಕರ್ನಾಟಕ. ಅದರಲ್ಲೂ ಉತ್ತರದ ಬಯಲುಸೀಮೆ. ಹನ್ನೆರಡು ವರ್ಷ ಕಳೆದು 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ ಸಿಕ್ಕ. ಆಮೇಲೆ ಭಾರತದಲ್ಲಿ ಒಬ್ಬನೂ ಸಿಕ್ಕಿಲ್ಲ. 2000ನೆಯ ಇಸವಿಯ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶ ಈ ರೋಗದಿಂದ ಮುಕ್ತವಾಗಿದೆ ಎಂದು ಪ್ರಮಾಣಪತ್ರ ಕೊಟ್ಟಿತು.

ಸಿಡುಬು ಹೋದದ್ದು ಲಸಿಕೆಯಿಂದ. ಪೋಲಿಯೊ ಹೋದದ್ದು ಬಾಯಿಗೆ ಹಾಕುವ ಹನಿಯಿಂದ. ನಾರುಹುಣ್ಣಿಗೆ ಲಸಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಒಳಗಿರುವ ಹುಳುವನ್ನು ಕೊಲ್ಲುವ ಗುಳಿಗೆಯೂ ಇಲ್ಲ, ಸೂಜಿಯೂ ಇಲ್ಲ. ಹಾಗಾದರೆ ಅದು ಹೋದದ್ದು ಹೇಗೆ? ಒಂದು ತುಂಡು ಅರಿವೆಯಿಂದ ಮತ್ತು ರೋಗಿಯ ಕಾಲು ನೀರಿಗೆ ಇಳಿಯದಂತೆ ನೋಡಿಕೊಂಡದ್ದರಿಂದ. ಇಷ್ಟೇ ಸಾಕಾಯಿತು ಎಂದರೆ ನಂಬುವುದು ಕಷ್ಟ. ಆದ್ದರಿಂದ ಯಾಕೆ ಸಾಕಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಹುಳುವಿನ ಒಂದು ವರ್ಷ

ಮೊದಲು ಈ ಹುಳು ಹೇಗೆ ಬದುಕುತ್ತದೆ ಅನ್ನುವುದನ್ನು ತಿಳಿದುಕೊಳ್ಳಬೇಕು. ಅದು ಗೊತ್ತಾದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಕೆರೆ, ಹೊಂಡ, ಮೆಟ್ಟಿಲ ಬಾವಿಗಳ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ ಇರುತ್ತದೆ. ನೀರು ಚಿಗಟ ಅಂತಲೂ ಕರೆಯುತ್ತಾರೆ. ಗಾಜಿನ ಲೋಟದಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿದರೆ ಬಿಳಿ ಚುಕ್ಕೆಯ ಹಾಗೆ ಪುಟುಪುಟು ಹಾರುವುದು ಕಾಣುತ್ತದೆ. ಗಾತ್ರ ಹೆಚ್ಚೆಂದರೆ ಒಂದೆರಡು ಮಿಲಿಮೀಟರು. ಅದರಿಂದ ನಮಗೆ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಅದರ ಹೊಟ್ಟೆಯಲ್ಲಿ ನಾರುಹುಳುವಿನ ಮರಿ ಇದ್ದಾಗ ಮಾತ್ರ. ಸೈಕ್ಲಾಪ್ಸ್ ಮತ್ತು ಈ ಹುಳುವಿನ ಸಂಬಂಧವನ್ನು ಮೊದಲು ಕಂಡುಹಿಡಿದವನು ರಷ್ಯದ ಫೆಡ್ಚೆಂಕೊ ಎಂಬ ವಿಜ್ಞಾನಿ, 1870ರ ಸುಮಾರಿಗೆ.

ಮನುಷ್ಯ ಆ ನೀರನ್ನು ಹಾಗೇ ಕುಡಿಯುತ್ತಾನೆ. ಜಠರದಲ್ಲಿ ಸೈಕ್ಲಾಪ್ಸ್ ಕರಗಿ ಹೋಗುತ್ತದೆ, ಮರಿಹುಳು ಉಳಿಯುತ್ತದೆ. ಅದು ಕರುಳನ್ನು ಕೊರೆದು ಹೊರಬಂದು ಮೈಯೊಳಗೆ ಬೆಳೆಯುತ್ತದೆ. ಎರಡು ಮೂರು ತಿಂಗಳಲ್ಲಿ ಗಂಡು ಹೆಣ್ಣು ಕೂಡುತ್ತವೆ, ಗಂಡು ಸಾಯುತ್ತದೆ. ಹೆಣ್ಣು ಹುಳು ಚರ್ಮದ ಕೆಳಗೆ ನಿಧಾನವಾಗಿ ಕಾಲಿನ ಕಡೆಗೆ ಇಳಿಯುತ್ತಾ ಬೆಳೆಯುತ್ತದೆ. ಎಷ್ಟು ಉದ್ದ? ಎಪ್ಪತ್ತು ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ. ಶ್ಯಾವಿಗೆ ಎಳೆಯಷ್ಟು ದಪ್ಪ. ಈ ಎಲ್ಲಾ ತಿಂಗಳು ಆ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಉಣ್ಣುತ್ತಾನೆ, ದುಡಿಯುತ್ತಾನೆ, ಜಾತ್ರೆಗೆ ಹೋಗಿ ಬರುತ್ತಾನೆ. ನೀರು ಕುಡಿದ ಹತ್ತರಿಂದ ಹದಿನಾಲ್ಕು ತಿಂಗಳಿಗೆ, ಅಂದ್ರೆ ಹೆಚ್ಚುಕಡಿಮೆ ಒಂದು ವರ್ಷಕ್ಕೆ, ಪಾದದಲ್ಲೋ ಕಣಕಾಲಿನಲ್ಲೋ ಒಂದು ಬೊಬ್ಬೆ ಏಳುತ್ತದೆ. ಬೆಂಕಿ ಇಟ್ಟ ಹಾಗೆ ಉರಿ. ಉರಿ ತಡೆಯಲಾರದೆ ಏನು ಮಾಡುತ್ತಾನೆ? ಕಾಲನ್ನು ತಣ್ಣಗೆ ನೀರಿನಲ್ಲಿ ಇಡುತ್ತಾನೆ.

ಹುಳುವಿಗೆ ಬೇಕಾದದ್ದೂ ಅದೇ. ನೀರು ಸೋಕಿದ ಕೂಡಲೆ ಬೊಬ್ಬೆ ಒಡೆದು, ಹೆಣ್ಣು ಹುಳು ಹಾಲಿನಂಥ ಬಿಳಿ ದ್ರವವನ್ನು ನೀರಿಗೆ ಬಿಡುತ್ತದೆ. ಅದರಲ್ಲಿ ಲಕ್ಷಗಟ್ಟಲೆ ಮರಿಗಳು. ಆ ಮರಿಗಳಿಗೆ ಇರುವ ಸಮಯ ಕೆಲವೇ ದಿನ. ಅಷ್ಟರಲ್ಲಿ ಒಂದು ಸೈಕ್ಲಾಪ್ಸ್ ಅವನ್ನು ತಿನ್ನಬೇಕು, ಇಲ್ಲವಾದರೆ ಸಾಯುತ್ತವೆ. ತಿಂದರೆ ಸುಮಾರು ಎರಡು ವಾರದಲ್ಲಿ ಒಳಗೇ ಬಲಿತು ಮನುಷ್ಯನಿಗೆ ಅಂಟಲು ತಯಾರಾಗುತ್ತವೆ. ಮರಿ ಹೊತ್ತ ಸೈಕ್ಲಾಪ್ಸ್ ಮಂದವಾಗಿ ತಳಕ್ಕೆ ಇಳಿಯುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಬಾವಿಯ ನೀರು ಇಳಿದು, ಹೆಂಗಸರು ತಳದ ನೀರನ್ನು ಗೋರಿ ತುಂಬಿಕೊಳ್ಳುವ ದಿನಗಳಲ್ಲಿ ನಮ್ಮ ಮೆಟ್ಟಿಲ ಬಾವಿಗಳ ಊರುಗಳಲ್ಲಿ ರೋಗ ಹೆಚ್ಚು ಅಂಟುತ್ತಿತ್ತು.

ಮೆಟ್ಟಿಲ ಬಾವಿ ಈ ಹುಳುವಿಗೆ ಹೇಳಿ ಮಾಡಿಸಿದ ಜಾಗ. ನೀರು ಸೇದುವುದಕ್ಕೆ ಹಗ್ಗ ಬೇಡ, ಮೆಟ್ಟಿಲು ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ಮುಳುಗಿಸಬೇಕು. ಹುಣ್ಣಿನ ಕಾಲೂ ಕುಡಿಯುವ ಕೊಡವೂ ಒಂದೇ ಮೆಟ್ಟಿಲ ಮೇಲೆ. ಆ ದಿನ ಬಾವಿಗೆ ಇಳಿದ ಒಂದು ಕಾಲು, ಮುಂದಿನ ವರ್ಷ ಓಣಿಯ ಹತ್ತು ಕಾಲುಗಳಲ್ಲಿ ಹುಣ್ಣಾಗಿ ಏಳುತ್ತಿತ್ತು.

ಈ ರೋಗದಿಂದ ಸಾಯುವವರು ಕಡಿಮೆ. ಆದರೆ ಸುಗ್ಗಿಯಲ್ಲೋ ಬಿತ್ತನೆಯಲ್ಲೋ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಎದ್ದು ನಡೆಯಲಾಗುವುದಿಲ್ಲ. ಬಿತ್ತುವ ದಿನ ಮಲಗಿದ ರೈತನ ಹೊಲ ಏನಾಗುತ್ತದೆ ಎಂದು ಸಹಕಾರಿ ಸಂಘದವರಿಗೆ ನಾನು ಹೇಳಬೇಕಾಗಿಲ್ಲ. ಆ ವರ್ಷದ ಬೆಳೆಸಾಲ ಹಾಗೇ ನಿಲ್ಲುತ್ತದೆ.

ಲಸಿಕೆ ಯಾಕೆ ಬೇಕಾಗಲಿಲ್ಲ

ಈಗ ಲಸಿಕೆಯ ಮಾತು. ಲಸಿಕೆ ಎಂದರೆ ಏನು? ರೋಗ ಒಂದು ಸಲ ಬಂದು ಹೋದರೆ ಮೈ ಅದನ್ನು ನೆನಪಿಟ್ಟುಕೊಂಡು ಎರಡನೆಯ ಸಲ ತಡೆಯುತ್ತದೆ. ಆ ನೆನಪನ್ನು ರೋಗ ಬರುವ ಮೊದಲೇ ಕೊಡುವುದು ಲಸಿಕೆ. ಸಿಡುಬು ಬಂದು ಬದುಕಿದವನಿಗೆ ಮತ್ತೆ ಸಿಡುಬು ಬರುತ್ತಿರಲಿಲ್ಲ. ನಾರುಹುಣ್ಣು ಹಾಗಲ್ಲ. ಈ ವರ್ಷ ಬಂದವನಿಗೆ ಮುಂದಿನ ವರ್ಷವೂ ಬರುತ್ತದೆ, ಆಚೆ ವರ್ಷವೂ ಬರುತ್ತದೆ. ಒಬ್ಬನ ಕಾಲಿನಲ್ಲಿ ಒಟ್ಟಿಗೆ ಮೂರು ನಾಲ್ಕು ಹುಳು ಬಂದದ್ದೂ ಉಂಟು. ವರ್ಷವಿಡೀ ಮೈಯೊಳಗೇ ಇದ್ದರೂ ಮೈ ಅದನ್ನು ಹೊರಗೆ ಹಾಕುವುದಿಲ್ಲ. ಮೈ ತಾನೇ ಕಲಿಯದ ಪಾಠವನ್ನು ಲಸಿಕೆಯಿಂದ ಕಲಿಸುವುದು ಬಹಳ ಕಷ್ಟ.

ಆದರೆ ಲಸಿಕೆ ಮಾಡಲಾಗಲಿಲ್ಲ ಅನ್ನುವುದು ಒಂದು ಮಾತು, ಬೇಕಾಗಲಿಲ್ಲ ಅನ್ನುವುದು ಇನ್ನೊಂದು ಮಾತು. ಬೇಕಾಗದಿದ್ದುದಕ್ಕೆ ಕಾರಣ ಹುಳುವಿನ ದಾರಿಯಲ್ಲೇ ಇದೆ. ಸಿಡುಬು ಉಸಿರಿನಲ್ಲಿ ಹರಡುತ್ತಿತ್ತು. ಉಸಿರನ್ನು ಸೋಸಲು ಬರುವುದಿಲ್ಲ, ಆದ್ದರಿಂದ ಮನುಷ್ಯನ ಮೈಯನ್ನೇ ಗಟ್ಟಿ ಮಾಡಬೇಕಾಯಿತು. ನಾರುಹುಳು ಒಬ್ಬರಿಂದ ಒಬ್ಬರಿಗೆ ನೇರವಾಗಿ ಅಂಟುವುದೇ ಇಲ್ಲ. ರೋಗಿಯ ಪಕ್ಕದಲ್ಲಿ ಮಲಗಿದರೂ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಅದಕ್ಕೆ ಇರುವ ದಾರಿ ಒಂದೇ: ಕಾಲಿನಿಂದ ನೀರಿಗೆ, ನೀರಿನಿಂದ ಬಾಯಿಗೆ. ಆ ದಾರಿಗೆ ಎರಡೇ ಬಾಗಿಲು. ನೀರಿನಿಂದ ಬಾಯಿಗೆ ಹೋಗುವ ಬಾಗಿಲನ್ನು ಅರಿವೆಯಿಂದ ಮುಚ್ಚಬಹುದು. ಕಾಲಿನಿಂದ ನೀರಿಗೆ ಹೋಗುವ ಬಾಗಿಲನ್ನು ರೋಗಿಯನ್ನು ತಡೆದು ಮುಚ್ಚಬಹುದು.

ಇನ್ನೊಂದು ಅನುಕೂಲವೂ ಇತ್ತು. ರೋಗಿಯನ್ನು ಗುರುತಿಸಲು ರಕ್ತಪರೀಕ್ಷೆ ಬೇಡ, ಡಾಕ್ಟರೂ ಬೇಡ. ಹುಣ್ಣಿನಿಂದ ಬಿಳಿ ಎಳೆ ಹೊರಗೆ ಬಂದಿರುತ್ತದೆ. ಊರಿನ ಮಗುವೂ ತೋರಿಸುತ್ತದೆ. ಹುಳು ಮೈಯಲ್ಲಿ ಇರುವುದು ಸುಮಾರು ಒಂದು ವರ್ಷ ಮಾತ್ರ, ಕ್ಷಯದ ಹಾಗೆ ವರ್ಷಾನುಗಟ್ಟಲೆ ಅಡಗಿ ಕೂರುವುದಿಲ್ಲ. ಆದ್ದರಿಂದ ಒಂದು ಊರಿನಲ್ಲಿ ಆ ಎರಡು ಬಾಗಿಲನ್ನು ಹದಿನಾಲ್ಕು ಹದಿನೈದು ತಿಂಗಳು ಪೂರಾ ಮುಚ್ಚಿದರೆ, ಹೊರಗಿನಿಂದ ರೋಗ ಬರದಿದ್ದರೆ, ಆ ಊರಿನಲ್ಲಿ ರೋಗ ಮುಗಿದಂತೆ. ಲಸಿಕೆಯಾದರೆ ಹುಟ್ಟುವ ಪ್ರತಿ ಮಗುವಿಗೂ ಹಾಕುತ್ತಲೇ ಇರಬೇಕಾಗುತ್ತಿತ್ತು.

ಮೊದಲ ಬಾಗಿಲು: ಸೋಸುವ ಅರಿವೆ

ಸೋಸುವುದು ನಮ್ಮ ತಾಯಂದಿರಿಗೆ ಹೊಸದಲ್ಲ. ಕೊಡದ ಬಾಯಿಗೆ ಸೀರೆಯ ಸೆರಗು ಹಿಡಿದು ನೀರು ಹಾಕುವ ರೂಢಿ ಮೊದಲೇ ಇತ್ತು. ಆದರೆ ರೂಢಿಯ ಸೋಸುವಿಕೆ ಕಸಕ್ಕೆ, ಎಲೆಗೆ. ಸೈಕ್ಲಾಪ್ಸ್ ಹಿಡಿಯಬೇಕಾದರೆ ಅರಿವೆಯ ಕಣ್ಣು ಸಣ್ಣದಿರಬೇಕು. ಸವೆದು ಜಾಳಾದ ಹಳೆಯ ಸೀರೆ ಸಾಲದು. ಒತ್ತಾಗಿ ನೇಯ್ದ ಹತ್ತಿಯ ಬಟ್ಟೆಯನ್ನು ಎರಡು ಪದರ ಮಾಡಿ ಕಟ್ಟಿದರೆ ಸಾಕು. ಹತ್ತಿಯ ಕಷ್ಟವೇನೆಂದರೆ ಕೆರೆಯ ರಾಡಿ ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ, ನೀರು ಇಳಿಯುವುದು ತಡವಾಗುತ್ತದೆ. ತಡವಾದರೆ ಸೊಸೆ ಅರಿವೆ ತೆಗೆದು ಹಾಗೇ ಸುರಿಯುತ್ತಾಳೆ. ಅದಕ್ಕೇ ಆಮೇಲೆ ನೈಲಾನ್ ಜಾಲರಿ ಬಂತು. ಅದರ ಕಣ್ಣು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ನೀರು ಸರಾಗವಾಗಿ ಇಳಿಯುತ್ತದೆ, ಮರಿ ಹೊತ್ತ ಸೈಕ್ಲಾಪ್ಸ್ ಮೇಲೇ ನಿಲ್ಲುತ್ತದೆ. ಆಫ್ರಿಕಾದ ದೇಶಗಳಿಗೆ ಇಂಥ ಬಟ್ಟೆಯನ್ನು ಅಮೆರಿಕದ ಹಿಂದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಕೇಂದ್ರ ಕಂಪನಿಗಳಿಂದ ದಾನವಾಗಿ ಪಡೆದು ಹಂಚಿತು.

ಅರಿವೆ ಕೊಟ್ಟರೆ ಮುಗಿಯಲಿಲ್ಲ. ಬಳಸುವುದರಲ್ಲಿ ತಪ್ಪುವುದು ಎಲ್ಲಿ ಅನ್ನುವುದನ್ನು ಕಲಿಸಬೇಕಿತ್ತು. ಮೊದಲನೆಯದು, ಅರಿವೆಯ ಮಗ್ಗುಲು. ಇವತ್ತು ಮೇಲಿದ್ದ ಮಗ್ಗುಲು ನಾಳೆ ಕೆಳಗಾದರೆ, ಇವತ್ತು ಹಿಡಿದ ಸೈಕ್ಲಾಪ್ಸ್ ನಾಳೆ ಕೊಡದೊಳಗೇ ತೊಳೆದು ಹೋಗುತ್ತದೆ. ಅದಕ್ಕೆ ಒಂದು ಮಗ್ಗುಲಿಗೆ ಬಣ್ಣದ ದಾರದಿಂದ ಗುರುತು ಹಾಕಿದರೆ ಒಳ್ಳೆಯದು. ಎರಡನೆಯದು, ಸಣ್ಣ ತೂತು. ತೂತು ಬಿದ್ದ ಅರಿವೆ ಇದ್ದೂ ಇಲ್ಲದ ಹಾಗೆ. ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಸೋಸಿ ಕುಡಿಯುವವನು ಹೊಲದಲ್ಲಿ ಏನು ಮಾಡುತ್ತಾನೆ? ದನ ಕಾಯುವ ಹುಡುಗ ಹೊಂಡಕ್ಕೆ ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಾನೆ. ಒಂದು ಬೊಗಸೆ ಸಾಕು. ಇದಕ್ಕಾಗಿ ಆಫ್ರಿಕಾದಲ್ಲಿ ಕೊರಳಿಗೆ ದಾರದಿಂದ ಕಟ್ಟಿಕೊಳ್ಳುವ ಕೊಳವೆ ಮಾಡಿದರು. ಗೇಣುದ್ದದ ಕೊಳವೆ, ತುದಿಯಲ್ಲಿ ಜಾಲರಿ. ನೀರಿಗೆ ಇಟ್ಟು ಹೀರಿದರೆ ಸೋಸಿದ ನೀರೇ ಬಾಯಿಗೆ ಬರುತ್ತದೆ. ಸುಡಾನಿನಲ್ಲಿ ಯುದ್ಧದಿಂದ ಊರು ಬಿಟ್ಟು ಅಲೆಯುವ ಜನರಿಗೆ ಇಂಥ ಕೊಳವೆಗಳನ್ನು ಲಕ್ಷಗಟ್ಟಲೆ ಹಂಚಿದರು.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಅರಿವೆ ನಾರುಹುಳುವಿಗೆ ಮಾತ್ರ. ಕಾಲರಾ, ವಾಂತಿಭೇದಿ, ಕಾಮಾಲೆಯ ಸೂಕ್ಷ್ಮ ರೋಗಾಣುಗಳನ್ನು ಅದು ನಂಬಿಕೆಯಿಂದ ತಡೆಯಲಾರದು. ಅವಕ್ಕೆ ಕುದಿಸಬೇಕು, ಇಲ್ಲವೇ ಕ್ಲೋರಿನ್ ಹಾಕಬೇಕು.

ಎರಡನೆಯ ಬಾಗಿಲು: ರೋಗಿಯ ಕಾಲು

ಅರಿವೆಯೊಂದರಿಂದಲೇ ರೋಗ ಪೂರ್ತಿ ಹೋಗುವುದಿಲ್ಲ. ನೂರು ಮನೆಯಲ್ಲಿ ತೊಂಬತ್ತು ಮನೆ ಸೋಸಬಹುದು, ಹತ್ತು ಮನೆ ಉಳಿಯುತ್ತದೆ. ಆ ಹತ್ತು ಮನೆ ಸಾಕು ಹುಳು ಮುಂದಿನ ವರ್ಷಕ್ಕೆ ದಾಟಲು. ಆದ್ದರಿಂದ ರೋಗಿಗಳು ಕಡಿಮೆಯಾಗುತ್ತಾ ಬಂದ ಹಾಗೆ ಎರಡನೆಯ ಬಾಗಿಲಿನ ಕಡೆಗೆ ಹೆಚ್ಚು ಗಮನ ಹೋಯಿತು. ಇದಕ್ಕೆ ಇಲಾಖೆಯ ಭಾಷೆಯಲ್ಲಿ ರೋಗಿಯ ನಿಯಂತ್ರಣ ಅನ್ನುತ್ತಾರೆ. ನಿಯಂತ್ರಣವಾಯಿತು ಎಂದು ಬರೆದುಕೊಳ್ಳಬೇಕಾದರೆ ಕೆಲವು ಕರಾರುಗಳಿವೆ. ಹುಳು ಹೊರಗೆ ಕಂಡ 24 ಗಂಟೆಯೊಳಗೆ ರೋಗಿ ಸಿಕ್ಕಿರಬೇಕು. ಹುಳು ಕಂಡಾಗಿನಿಂದ ಆತ ಯಾವ ಕುಡಿಯುವ ನೀರಿಗೂ ಇಳಿದಿರಬಾರದು. ಹುಣ್ಣನ್ನು ತೊಳೆದು ಪಟ್ಟಿ ಕಟ್ಟಿ, ಹುಳು ಪೂರ್ತಿ ಬರುವವರೆಗೂ ನೋಡಿಕೊಳ್ಳಬೇಕು, ನೀರಿಗೆ ಇಳಿಯಬಾರದೆಂದು ತಿಳಿಹೇಳಿರಬೇಕು. ಏಳು ದಿನದೊಳಗೆ ಮೇಲಿನ ಅಧಿಕಾರಿ ಬಂದು ಇದು ನಾರುಹುಳುವೇ ಹೌದೆಂದು ನೋಡಿರಬೇಕು. ನೀರಿಗೆ ಇಳಿದಿದ್ದರೆ, ಅಥವಾ ಇಳಿದನೋ ಇಲ್ಲವೋ ಸಂಶಯವಿದ್ದರೆ, ಆ ನೀರಿಗೆ ಔಷಧಿ ಹಾಕಿರಬೇಕು. ಇದರಲ್ಲಿ ಒಂದು ತಪ್ಪಿದರೂ ನಿಯಂತ್ರಣವಾಗಿಲ್ಲ ಎಂದೇ ಲೆಕ್ಕ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಒಬ್ಬ ರೈತನಿಗೆ ಮೇ 10ರಂದು ಕಣಕಾಲಿನ ಬೊಬ್ಬೆ ಒಡೆದು ಹುಳು ಕಂಡಿತು ಅನ್ನಿ. ಸ್ವಯಂಸೇವಕ 11ರ ಬೆಳಗ್ಗೆ ಮನೆಗೆ ಬರುತ್ತಾನೆ. ಮೊದಲ ಪ್ರಶ್ನೆಯೇ ಬಾವಿಯದು.

"ಯಪ್ಪಾ, ನಿನ್ನೆಯಿಂದ ಬಾವಿಗೆ ಇಳಿದಿದ್ದೇನು?"

"ಇಲ್ಲ ತಮ್ಮಾ, ನಾನೆಲ್ಲಿ ಇಳೀಲಿ, ಏಳಾಕ ಆಗವಲ್ದು."

ಪಕ್ಕದಲ್ಲಿ ನಿಂತ ಹೆಂಡತಿ ಸುಮ್ಮನಿರುವುದಿಲ್ಲ. "ಸಂಜೀ ಮುಂದ ಉರಿ ತಾಳದ ಮೆಟ್ಟಿಲ ಮ್ಯಾಲೆ ಕುಂತು ಕಾಲು ಬಿಟ್ಟಿದ್ದಿ, ಅದನ್ನೂ ಹೇಳು."

ನಿಜ ಸಿಗುವುದು ಹೀಗೆ. ಒಬ್ಬರನ್ನೇ ಕೇಳಿದರೆ ಸಾಲದು, ಮನೆಯವರನ್ನು ಕೇಳಬೇಕು, ಬಾವಿಯ ಹತ್ತಿರ ನೀರು ತುಂಬುವವರನ್ನು ಕೇಳಬೇಕು. ರೋಗಿಯ ಮೇಲೆ ಸಿಟ್ಟು ಮಾಡಿದರೆ ಮುಂದಿನ ರೋಗಿ ಕಾಲನ್ನು ಧೋತರದಲ್ಲಿ ಮುಚ್ಚಿಕೊಳ್ಳುತ್ತಾನೆ. ಆದ್ದರಿಂದ ಸಿಟ್ಟು ಮಾಡುವಂತಿಲ್ಲ.

ಈಗ ಎರಡು ಕೆಲಸ. ಒಂದು ಕಾಲಿನದು. ಒಂದು ಬಕೆಟ್ಟಿನಲ್ಲಿ ನೀರು ಹಾಕಿ ಅದರಲ್ಲೇ ಹುಣ್ಣನ್ನು ನೆನೆಸಬೇಕು. ಮರಿಗಳು ಆ ಬಕೆಟ್ಟಿಗೆ ಬರುತ್ತವೆ. ಆ ನೀರನ್ನು ಬಾವಿ ಕೆರೆಯಿಂದ ದೂರ ಒಣ ನೆಲಕ್ಕೆ ಚೆಲ್ಲಬೇಕು, ಅಲ್ಲಿ ಮರಿ ಸಾಯುತ್ತವೆ. ಆಮೇಲೆ ಹುಳುವಿನ ತುದಿಯನ್ನು ಸಣ್ಣ ಕಡ್ಡಿಗೋ ಅರಿವೆ ಸುರುಳಿಗೋ ಸುತ್ತಿ, ಮೆಲ್ಲಗೆ ಬಂದಷ್ಟೇ ಎಳೆದು, ಪಟ್ಟಿ ಕಟ್ಟಬೇಕು. ದಿನಕ್ಕೆ ಒಂದೆರಡು ಅಂಗುಲ ಬರಬಹುದು. ಬಿಗಿ ಹತ್ತಿದ ಕೂಡಲೆ ನಿಲ್ಲಿಸಬೇಕು. ಅವಸರದಲ್ಲಿ ಎಳೆದು ಹುಳು ತುಂಡಾದರೆ ಒಳಗೆ ಉಳಿದ ಭಾಗದಿಂದ ಕಾಲು ಬಾತು ಕೀವು ತುಂಬುತ್ತದೆ. ಸೆಗಣಿ ಹಚ್ಚುವುದು, ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದು ಮಾಡಿದರೆ ಧನುರ್ವಾಯುವಿನ ಭಯ. ಹೀಗೆ ಒಂದು ಮೀಟರ್ ಹುಳು ಬರಲು ವಾರಗಳೇ ಹಿಡಿಯುತ್ತವೆ. ಅಷ್ಟು ದಿನ ಅವನ ಮನೆಗೆ ನೀರು ತಂದುಕೊಡುವವರು ಬೇಕು. ಇದನ್ನು ಮರೆತರೆ ಉಳಿದದ್ದೆಲ್ಲಾ ವ್ಯರ್ಥ, ಯಾಕಂದ್ರೆ ನೀರು ತರುವವರಿಲ್ಲದಿದ್ದರೆ ರೋಗಿಯೇ ಬಾವಿಗೆ ಇಳಿಯುತ್ತಾನೆ.

ಎರಡನೆಯದು ಬಾವಿಯ ಕೆಲಸ. ಕಾಲು ಬಿಟ್ಟದ್ದು ಮೇ 10. ಮರಿಗಳು ಸೈಕ್ಲಾಪ್ಸ್‌ನ ಹೊಟ್ಟೆಯಲ್ಲಿ ಬಲಿಯಲು ಎರಡು ವಾರ ಬೇಕು. ಅಂದ್ರೆ ಮೇ 24ರ ಸುಮಾರಿನವರೆಗೆ ನಮಗೆ ಗಡುವು ಇದೆ. ಅಷ್ಟರೊಳಗೆ ಟೆಮೆಫಾಸ್ ಎಂಬ ಔಷಧಿ ಹಾಕಿದರೆ ಸೈಕ್ಲಾಪ್ಸ್ ಸಾಯುತ್ತದೆ, ಅದರೊಳಗಿನ ಮರಿಯೂ ಸಾಯುತ್ತದೆ. ಪ್ರಮಾಣ ಲೀಟರ್ ನೀರಿಗೆ ಒಂದು ಮಿಲಿಗ್ರಾಂ. ಈ ಪ್ರಮಾಣದಲ್ಲಿ ಹಾಕಿದ ನೀರನ್ನು ಕುಡಿಯಬಹುದು. ಬಾವಿಯ ನೀರು 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಆಳ ಇದೆ ಅನ್ನಿ. ಗುಣಿಸಿದರೆ 60 ಘನ ಮೀಟರು, ಅಂದ್ರೆ 60,000 ಲೀಟರು. ಬೇಕಾದ ಸತ್ವ 60 ಗ್ರಾಂ. ಒಂದು ಲೀಟರಿನಲ್ಲಿ 500 ಗ್ರಾಂ ಸತ್ವ ಇರುವ ದ್ರಾವಣವಾದರೆ 120 ಮಿಲಿಲೀಟರು, ಒಂದು ಚಹಾ ಲೋಟದಷ್ಟು. ಅಷ್ಟು ದೊಡ್ಡ ಬಾವಿಗೆ ಇಷ್ಟೇ. ಆದರೆ ನೀರನ್ನು ಕಣ್ಣಂದಾಜಿನಲ್ಲಿ ಅಳೆದರೆ ಕಡಿಮೆ ಬಿದ್ದು ಸೈಕ್ಲಾಪ್ಸ್ ಉಳಿಯುತ್ತದೆ. ಆದ್ದರಿಂದ ಹಗ್ಗ ಹಿಡಿದೇ ಅಳೆಯಬೇಕು. ಔಷಧಿಯ ಕಸುವು ಸುಮಾರು ನಾಲ್ಕು ವಾರ. ರೋಗದ ಕಾಲ ಮುಗಿಯುವವರೆಗೆ ಮತ್ತೆ ಮತ್ತೆ ಹಾಕಬೇಕು.

ಈ ಬಾವಿಯಲ್ಲಿ ಕೆಲಸ ಸರಿಯಾಯಿತೋ ಇಲ್ಲವೋ ಯಾವಾಗ ಗೊತ್ತಾಗುತ್ತದೆ? ಈ ವರ್ಷವಲ್ಲ. ಮುಂದಿನ ವರ್ಷ ಮಾರ್ಚಿಯಿಂದ ಜುಲೈ ತಿಂಗಳೊಳಗೆ ಆ ಬಾವಿಯ ನೀರು ಕುಡಿದ ಯಾರ ಕಾಲಿನಲ್ಲೂ ಹುಳು ಬರದಿದ್ದರೆ ಆಗ. ಬಂದರೆ, ಹೋದ ವರ್ಷ ಎಲ್ಲೋ ಒಂದು ಕಾಲು ನಮ್ಮ ಕಣ್ಣು ತಪ್ಪಿಸಿದೆ ಎಂದು ಅರ್ಥ. ಬ್ಯಾಂಕಿನ ಸಾಲದ ಹಾಗೆ ಇದರ ಲೆಕ್ಕವೂ ವರ್ಷಕ್ಕೊಮ್ಮೆ ತಪ್ಪದೆ ಮನೆಗೆ ಬರುತ್ತದೆ.

ನಮ್ಮ ದೇಶದಲ್ಲಿ ನಡೆದದ್ದು

ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ 1983–84ರಲ್ಲಿ ಆರಂಭವಾಯಿತು. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಇದರ ಮೇಲುಸ್ತುವಾರಿ ನೋಡಿಕೊಂಡಿತು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ, ಆರೋಗ್ಯ ಕಾರ್ಯಕರ್ತರು ಹುಳುವಿನ ಚಿತ್ರ ಹಿಡಿದು ಮನೆಮನೆಗೆ ಹೋಗಿ "ಇಂಥದ್ದು ನಿಮ್ಮ ಮನೆಯಲ್ಲಿ ಯಾರಿಗಾದರೂ ಬಂದಿದೆಯೇ" ಎಂದು ಕೇಳಿದರು. ಶಾಲೆಯ ಮಕ್ಕಳನ್ನು ಕೇಳಿದರು, ಸಂತೆಯಲ್ಲಿ ಕೇಳಿದರು.

ನೀರು ಸರಬರಾಜಿನವರ ಪಾಲೂ ದೊಡ್ಡದು. ರೋಗವಿದ್ದ ಊರುಗಳಿಗೆ ಮೊದಲು ಕೊಳವೆಬಾವಿ ಕೊರೆದು ಕೈಪಂಪು ಹಾಕಿದರು. ಮೆಟ್ಟಿಲ ಬಾವಿಗಳ ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಗಡಗಡಿ ಹಾಕಿ ಸೇದುವ ಬಾವಿ ಮಾಡಿದರು. ಸೇದುವ ಬಾವಿಗೆ ಇಳಿಯುವುದು ಹಗ್ಗ ಮತ್ತು ಕೊಡ. ಕಾಲು ಇಳಿಯುವುದಿಲ್ಲ. ಅಷ್ಟಕ್ಕೇ ಹುಳುವಿನ ದಾರಿ ಕಡಿಯಿತು. ತಮಿಳುನಾಡಿನಲ್ಲಿ ರೋಗ ಮೊದಲು ನಿಂತಿತು, ಆಮೇಲೆ ಒಂದೊಂದಾಗಿ ಉಳಿದ ರಾಜ್ಯಗಳು. ಕೊನೆಗೆ ಉಳಿದದ್ದು ರಾಜಸ್ಥಾನದ ಮರಳುಗಾಡು. ಅಲ್ಲಿ ಊರುಗಳು ದೂರ ದೂರ, ನೀರು ಕಡಿಮೆ.

1996ರಲ್ಲಿ ಕೊನೆಯ ರೋಗಿ ಸಿಕ್ಕಮೇಲೂ ಕೆಲಸ ನಿಲ್ಲಿಸಲಿಲ್ಲ. ಮೂರು ವರ್ಷ ಹುಡುಕುತ್ತಲೇ ಇರಬೇಕೆಂಬುದು ನಿಯಮ. ಯಾಕೆ ಮೂರು ವರ್ಷ? ಹುಳುವಿನ ಒಂದು ಸುತ್ತಿಗೆ ಒಂದು ವರ್ಷ. ಒಂದು ವರ್ಷ ಯಾರೂ ಸಿಗದಿದ್ದರೆ ನಮ್ಮ ಹುಡುಕಾಟವೇ ಸಡಿಲವಾಗಿತ್ತೇನೋ ಅನ್ನಬಹುದು. ಸತತ ಮೂರು ಸುತ್ತು ಯಾರೂ ಸಿಗದಿದ್ದರೆ ಮಾತ್ರ ಹುಳು ಇಲ್ಲವೆಂದು ಧೈರ್ಯವಾಗಿ ಹೇಳಬಹುದು. ರೋಗಿಯನ್ನು ತೋರಿಸಿದವರಿಗೆ ಬಹುಮಾನವೆಂದೂ ಸಾರಿದ್ದರು. ಇದೆಲ್ಲಾ ಆದಮೇಲೆ ಬಂದದ್ದು 2000ದ ಪ್ರಮಾಣಪತ್ರ.

ಎಲ್ಲಿ ಎಡವುತ್ತದೆ

ಎಲ್ಲಾ ಕಡೆ ಹೀಗೆ ಸುಲಭವಾಗಿ ಆಯಿತೆಂದು ತಿಳಿಯಬಾರದು. ಆಫ್ರಿಕಾದ ಘಾನಾ ದೇಶದ ಸಂಗತಿ ಹೇಳುತ್ತೇನೆ. ಅಲ್ಲಿ ರೋಗ ಬಹಳ ಇಳಿದಿತ್ತು. ಉತ್ತರ ಭಾಗದ ಸವೆಲುಗು ಎಂಬ ಪಟ್ಟಣದಲ್ಲಿ 2006–07ರ ಸುಮಾರಿಗೆ ನಲ್ಲಿಯ ನೀರು ಸರಿಯಾಗಿ ಬರದೆ, ಜನ ಮತ್ತೆ ತೋಡಿದ ಹೊಂಡಗಳ ನೀರಿಗೆ ಹೋದರು. ನಲ್ಲಿ ಇದ್ದುದರಿಂದ ಸೋಸುವ ರೂಢಿ ಬಿಟ್ಟಿದ್ದ ಮನೆಗಳು ಅವು. ರೋಗ ಅಲ್ಲಿ ಭುಗಿಲೆದ್ದಿತು. ಮತ್ತೆ ಅರಿವೆ, ಮತ್ತೆ ರೋಗಿಯನ್ನು ಹಿಡಿದು ಆರೈಕೆ, ಮತ್ತೆ ಹೊಂಡಕ್ಕೆ ಔಷಧಿ. ಘಾನಾದಲ್ಲಿ ಕೊನೆಯ ರೋಗಿ ಸಿಕ್ಕದ್ದು 2010ರ ಮೇ ತಿಂಗಳಲ್ಲಿ, ಪ್ರಮಾಣಪತ್ರ ಬಂದದ್ದು 2015ರಲ್ಲಿ. ನಲ್ಲಿ ಒಳ್ಳೆಯದೇ, ಆದರೆ ನಿಂತುಹೋಗುವ ನಲ್ಲಿಯನ್ನು ನಂಬಿ ಅರಿವೆ ಬಿಸಾಕಬಾರದು.

ಎರಡನೆಯ ಸಂಗತಿ ಇನ್ನೂ ಕಠಿಣ. ನಾನು ಮೊದಲು ಹೇಳಿದ ಲೆಕ್ಕವೆಲ್ಲಾ ನಿಂತಿರುವುದು ಈ ಹುಳು ಬೆಳೆಯುವುದು ಮನುಷ್ಯನಲ್ಲಿ ಎಂಬುದರ ಮೇಲೆ. ಭಾರತದಲ್ಲಿ ಆ ಲೆಕ್ಕ ಸರಿಹೋಯಿತು. ಆದರೆ ಆಫ್ರಿಕಾದ ಚಾಡ್ ದೇಶದಲ್ಲಿ ಸುಮಾರು ಹತ್ತು ವರ್ಷ ರೋಗವೇ ಇಲ್ಲವೆಂದುಕೊಂಡ ಮೇಲೆ 2010ರಲ್ಲಿ ಮತ್ತೆ ರೋಗಿಗಳು ಸಿಕ್ಕರು. 2012ರಿಂದ ನಾಯಿಗಳ ಕಾಲಿನಲ್ಲೂ ಅದೇ ಹುಳು ಕಾಣತೊಡಗಿತು. ನದಿಯ ದಡದಲ್ಲಿ ಮೀನು ಸೀಳಿ ಬಿಸಾಡಿದ ಕರುಳನ್ನು ನಾಯಿ ತಿಂದು ಹುಳು ಹತ್ತಿಸಿಕೊಳ್ಳುತ್ತಿರಬಹುದು ಎಂದು ತಜ್ಞರು ಹೇಳುತ್ತಾರೆ. ನಾಯಿಗೆ ನೀರಿಗೆ ಇಳಿಯಬೇಡ ಎಂದು ತಿಳಿಹೇಳಲು ಬರುತ್ತದೆಯೇ? ಬರುವುದಿಲ್ಲ. ಅದಕ್ಕೆ ಅಲ್ಲಿ ಹುಳು ಕಂಡ ನಾಯಿಯನ್ನು ಕಟ್ಟಿಹಾಕುತ್ತಾರೆ, ಮೀನಿನ ಕರುಳನ್ನು ಹೂಳಿಸುತ್ತಾರೆ, ಹೊಂಡಕ್ಕೆ ಔಷಧಿ ಹಾಕುತ್ತಾರೆ, ನಾಯಿಯನ್ನು ಕಟ್ಟಿ ತಿಳಿಸಿದವರಿಗೆ ಬಹುಮಾನ ಕೊಡುತ್ತಾರೆ. ನೋಡಿ, ಇಲ್ಲೂ ಬಾಗಿಲು ಅವೇ ಎರಡು. ಕಾಲು ಮಾತ್ರ ನಾಲ್ಕಾಯಿತು.

ಇಡೀ ಪ್ರಪಂಚದ ಲೆಕ್ಕ ಹೇಳಿ ಮುಗಿಸುತ್ತೇನೆ. 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಈ ರೋಗ ಬರುತ್ತಿತ್ತು ಎಂದು ಅಂದಾಜು. 2024ರಲ್ಲಿ ಸಿಕ್ಕ ರೋಗಿಗಳು ಎಲ್ಲಾ ದೇಶ ಸೇರಿ 15 ಜನ, ಚಾಡ್ ಮತ್ತು ದಕ್ಷಿಣ ಸುಡಾನ್‌ಗಳಲ್ಲಿ. ಆದರೆ ಹುಳು ಹತ್ತಿದ ಪ್ರಾಣಿಗಳು ಅದೇ ವರ್ಷ ನೂರಾರು. ಆದ್ದರಿಂದ ಪ್ರಪಂಚದ ಮಟ್ಟಿಗೆ ಕೆಲಸ ಮುಗಿದಿಲ್ಲ. ಆ ದೇಶಗಳಿಗೆ ದುಡಿಯಲು ಹೋಗಿ ಬಂದವರ ಕಾಲಿನಲ್ಲಿ ಬೊಬ್ಬೆ ಎದ್ದು ಬಿಳಿ ಎಳೆ ಕಂಡರೆ, ಕಾಲನ್ನು ನೀರಿಗೆ ಇಡದೆ, ಎಳೆಯನ್ನು ಎಳೆಯದೆ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ನಮ್ಮ ಹಳೆಯ ಮೆಟ್ಟಿಲ ಬಾವಿಗಳಲ್ಲಿ ನಿಂತ ನೀರು ಇದ್ದಲ್ಲಿ ಸೈಕ್ಲಾಪ್ಸ್ ಈಗಲೂ ಇದೆ. ಇಲ್ಲದಿರುವುದು ಅದರ ಹೊಟ್ಟೆಯೊಳಗಿನ ಮರಿ ಮಾತ್ರ.

ಸಭಿಕರಲ್ಲಿ ಒಬ್ಬರು ಚೀಟಿ ಬರೆದು ಕೇಳಿದ್ದಾರೆ: "ಇದೇ ಉಪಾಯದಿಂದ ಬೇರೆ ರೋಗಗಳನ್ನೂ ಕಳೆಯಬಹುದಲ್ಲವೇ?" ಎಲ್ಲವನ್ನೂ ಆಗುವುದಿಲ್ಲ. ದಡಾರ ಉಸಿರಿನಿಂದ ಬರುತ್ತದೆ, ಅದಕ್ಕೆ ಲಸಿಕೆಯೇ ಬೇಕು. ಲಸಿಕೆ ಇರುವ ರೋಗಕ್ಕೆ ಮಕ್ಕಳಿಗೆ ತಪ್ಪದೆ ಹಾಕಿಸಿ. ನಾರುಹುಣ್ಣಿಗೆ ಲಸಿಕೆ ಬೇಡವಾದದ್ದು ಲಸಿಕೆ ಕೆಟ್ಟದ್ದೆಂದಲ್ಲ. ಆ ಹುಳು ಒಂದೇ ದಾರಿಯಲ್ಲಿ ನಡೆಯುತ್ತದೆ, ಆ ದಾರಿ ನಮ್ಮ ಬಾವಿಯ ಮೆಟ್ಟಿಲ ಮೇಲೇ ಹಾದು ಹೋಗುತ್ತಿತ್ತು, ಅಲ್ಲೇ ನಿಂತು ಅದನ್ನು ತಡೆಯಲು ಬಂತು, ಅದಕ್ಕೆ.